6 ಅಡಿ 4 ಇಂಚಿನ ಹುಡುಗನಿಗೆ ಬಾರ್ ಎಷ್ಟು ಎತ್ತರದಲ್ಲಿರಬೇಕು? ಕಾರವಾರದ ಒಂದು ಪ್ರಕರಣ

ಮಳೆಗಾಲ ಮುಗಿದು ಅಕ್ಟೋಬರ್ ಶುರುವಾಗಿತ್ತು. ಕೋಡಿಬಾಗದ ನನ್ನ ಜಿಮ್ಮಿಗೆ ಒಬ್ಬ ಹುಡುಗ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ವಯಸ್ಸು 23, ಎತ್ತರ 193 ಸೆಂಟಿಮೀಟರ್, ತೂಕ 78 ಕಿಲೋ. ಊರು ಶಿರಸಿ ಕಡೆ, ಅಡಿಕೆ ತೋಟದ ಮನೆ. ಕೆಲಸ ಕಾರವಾರದಲ್ಲಿ. ಸಂಜೆ ವಾಲಿಬಾಲ್ ಆಡುತ್ತಾನೆ. ಮನೆಯಲ್ಲಿ ಅವನನ್ನು ಮಾಣಿ ಅಂತ ಕರೆಯುತ್ತಾರೆ, ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

“ಸರ್, ನಂಗೆ ಸ್ಕ್ವಾಟೂ ಬರೂದಿಲ್ಲ, ಡೆಡ್‌ಲಿಫ್ಟೂ ಬರೂದಿಲ್ಲ. ಎರಡು ವರ್ಷ ಆಯ್ತು,” ಅಂದ. ಸ್ಕ್ವಾಟ್ ಅಂದರೆ ಎರಡೂ ತುದಿಗೆ ತೂಕದ ಪ್ಲೇಟು ಹಾಕಿದ ಕಬ್ಬಿಣದ ಬಾರನ್ನು ಹೆಗಲ ಮೇಲೆ ಹೊತ್ತು ಕೂತು ಏಳುವುದು, ಡೆಡ್‌ಲಿಫ್ಟ್ ಅಂದರೆ ಅದನ್ನು ಕೆಳಗಿನಿಂದ ಕೈಯಲ್ಲಿ ಎತ್ತಿ ನೆಟ್ಟಗೆ ನಿಲ್ಲುವುದು. ಹಿಂದೆ ಹೋಗುತ್ತಿದ್ದ ಜಿಮ್ಮಿನಲ್ಲಿ ಅವನಿಗೆ ಹೇಳಿದ್ದು ಒಂದೇ ಮಾತು: ಎದೆ ಮೇಲೆ ಎತ್ತು, ಸೊಂಟ ಕೆಳಗಿಳಿಸು. ಅವನು ಎರಡೂ ಮಾಡಲು ನೋಡಿದ. ಎದೆ ಎತ್ತಿದರೆ ಹಿಂದಕ್ಕೆ ಬೀಳುತ್ತಿದ್ದ. ಬೀಳದೆ ಇಳಿದರೆ ಎದೆ ಮುಂದೆ ವಾಲುತ್ತಿತ್ತು. ಸ್ಕ್ವಾಟ್ 60 ಕಿಲೋದಲ್ಲಿ ನಿಂತುಬಿಟ್ಟಿತ್ತು, ಡೆಡ್‌ಲಿಫ್ಟ್ 80ರಲ್ಲಿ. ಎರಡೂ ಒಂದೇ ದಿನ ಮಾಡಿ, ಆಮೇಲೆ ಎರಡು ದಿನ ಬೆನ್ನಿನ ಕೆಳಭಾಗ ಹಿಡಿದುಕೊಂಡಿರುತ್ತಿತ್ತು.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ನೋವು ಕಾಲಿಗೆ ಇಳಿಯುತ್ತದಾ? ಕಾಲು ಜೋಮು ಹಿಡಿಯುತ್ತದಾ? ಕೆಮ್ಮಿದಾಗ, ಸೀನಿದಾಗ ಜಾಸ್ತಿಯಾಗುತ್ತದಾ? ಯಾವುದೂ ಇರಲಿಲ್ಲ. ಇದ್ದಿದ್ದರೆ ನಾನು ಅವನನ್ನು ಮುಟ್ಟದೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಬೆಳಗ್ಗೆ ಎದ್ದಾಗ ಬೆನ್ನು ಎಷ್ಟು ಬಿಗಿಯಾಗಿರುತ್ತದೆ ಅಂತ ಹತ್ತಕ್ಕೆ ಒಂದು ಅಂಕ ಕೊಡು ಅಂದೆ. 6 ಅಂದ. ಆ ಅಂಕವನ್ನು 16 ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಈ ಬರಹದಲ್ಲಿರುವ ಲೆಕ್ಕವೆಲ್ಲ ಅದೇ ನೋಟ್‌ಬುಕ್ಕಿನದು.

ಟೇಪ್ ಹಿಡಿದು ಅಳೆದದ್ದು

ಎತ್ತರದವರಿಗೆಲ್ಲ ಸ್ಕ್ವಾಟ್ ಕಷ್ಟ ಅಂತೇನಿಲ್ಲ. ಎತ್ತರ ಇದ್ದೂ ಬೆನ್ನು ಉದ್ದ, ತೊಡೆ ಗಿಡ್ಡ ಇರುವವರು ಆರಾಮಾಗಿ ಕೂರುತ್ತಾರೆ. ಹಾಗಾಗಿ ಒಟ್ಟು ಎತ್ತರ ಗೊತ್ತಾದರೆ ಸಾಲದು, ಆ ಎತ್ತರ ಮೈಯಲ್ಲಿ ಎಲ್ಲಿ ಹಂಚಿಕೊಂಡಿದೆ ಅಂತ ನೋಡಬೇಕು.

ಮಾಣಿಯನ್ನು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂರಿಸಿದೆ. ನೆಲದಿಂದ ನೆತ್ತಿಯವರೆಗೆ 95 ಸೆಂ.ಮೀ. ಅಂದರೆ ಒಟ್ಟು ಎತ್ತರದ ಅರ್ಧಕ್ಕಿಂತ ಕಮ್ಮಿ. ಸಾಮಾನ್ಯವಾಗಿ ಇದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಇವನ ಎತ್ತರ ಕಾಲಿನಲ್ಲಿದೆ ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ನಿಲ್ಲಿಸಿ, ಸೊಂಟದ ಪಕ್ಕ ಕೈಗೆ ಸಿಗುವ ಉಬ್ಬು ಮೂಳೆಯಿಂದ ಮಂಡಿಯ ಕೀಲಿನವರೆಗೆ ಅಳೆದೆ. ತೊಡೆ 51 ಸೆಂ.ಮೀ. ಮಂಡಿಯಿಂದ ಕಾಲಗಿಣ್ಣಿನವರೆಗೆ 46. ಸೊಂಟದ ಕೀಲಿನಿಂದ ಬಾರ್ ಕೂರುವ ಜಾಗಕ್ಕೆ ಸುಮಾರು 50. ಟೇಪಿನಲ್ಲಿ ಹೀಗೆ ಅಳೆದರೆ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಕೊನೆಗೆ ಕಾಲಗಿಣ್ಣು. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದ ಹಿಂದಕ್ಕೆ ಸರಿಸಿ ಮತ್ತೆ ನೋಡಬೇಕು. ಇವನ ಹೆಬ್ಬೆರಳು ಗೋಡೆಯಿಂದ 7 ಸೆಂ.ಮೀ. ದೂರ ಹೋಗುವಷ್ಟರಲ್ಲಿ ಹಿಮ್ಮಡಿ ಎದ್ದಿತು. ಅಷ್ಟು ಉದ್ದ ಕಾಲಿಗೆ ಅದು ಕಮ್ಮಿ. ಹಿಮ್ಮಡಿ ಎತ್ತದೆ ಅವನ ಮಂಡಿ ಮುಂದೆ ಹೋಗಬಲ್ಲದ್ದು ಸುಮಾರು 25 ಡಿಗ್ರಿ ಮಾತ್ರ.

ಈ ನಾಲ್ಕು ಅಳತೆ ಇಟ್ಟುಕೊಂಡು ಹಾಳೆಯ ಮೇಲೆ ಕಡ್ಡಿಮನುಷ್ಯನ ಚಿತ್ರ ಬರೆದೆ. ಸ್ಕ್ವಾಟ್‌ನಲ್ಲಿ ಒಂದು ವಿಷಯಕ್ಕೆ ವಿನಾಯಿತಿ ಇಲ್ಲ: ಬಾರ್ ಪಾದದ ನಡುಭಾಗದ ನೇರ ಮೇಲೆ ಇರಬೇಕು. ಇಲ್ಲದಿದ್ದರೆ ಮುಂದೆಯೋ ಹಿಂದೆಯೋ ಬೀಳುತ್ತೇವೆ. ತೊಡೆ ನೆಲಕ್ಕೆ ಸಮವಾಗಿ ಇಳಿದಾಗ ಮಾಣಿಯ ಸೊಂಟ ಪಾದದ ನಡುವಿನಿಂದ 37 ಸೆಂ.ಮೀ. ಹಿಂದೆ ಹೋಗುತ್ತದೆ. ತೊಡೆ ಉದ್ದ, ಮಂಡಿ ಮುಂದೆ ಹೋಗಲ್ಲ, ಬೇರೆ ದಾರಿಯೇ ಇಲ್ಲ. ಸೊಂಟ ಅಷ್ಟು ಹಿಂದೆ ಹೋದರೆ, ಬಾರನ್ನು ಪಾದದ ಮೇಲೆ ಇಟ್ಟುಕೊಳ್ಳಲು ಬೆನ್ನು ಮುಂದೆ ವಾಲಲೇಬೇಕು. ಲೆಕ್ಕ ಹಾಕಿದರೆ 47 ಡಿಗ್ರಿ ಬಂತು.

ಅವನ ಜೊತೆ ವಾಲಿಬಾಲ್ ಆಡುವ ಒಬ್ಬ ಗೆಳೆಯ ಅವತ್ತು ಬಂದಿದ್ದ. ಎತ್ತರ 168 ಸೆಂ.ಮೀ., ಮನೆ ಬೈತಕೋಲ ಕಡೆ, ಮೀನು ಬೋಟಿನಲ್ಲಿ ಕೆಲಸ. ಅವನನ್ನೂ ಅಳೆದು ಚಿತ್ರ ಬರೆದೆ. ಅವನ ಸೊಂಟ ಹಿಂದೆ ಹೋಗುವುದು 25 ಸೆಂ.ಮೀ., ಬೆನ್ನು ವಾಲುವುದು 33 ಡಿಗ್ರಿ. ಇಬ್ಬರೂ 60 ಕಿಲೋ ಹೊತ್ತರೂ ಮಾಣಿಯ ಸೊಂಟದ ಮೇಲೆ ಬೀಳುವ ಎಳೆತ ಒಂದೂವರೆ ಪಟ್ಟು. ಬಾರ್ ಹೋಗಿ ಬರುವ ದೂರವೂ ಬೇರೆ. ಗೆಳೆಯನಿಗೆ 56 ಸೆಂ.ಮೀ., ಮಾಣಿಗೆ 71.

ಆ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದಾಗ ಮಾಣಿ ತುಂಬಾ ಹೊತ್ತು ನೋಡಿದ. “ಹಂಗಾದ್ರೆ ನಾನು ವಾಲೂದು ತಪ್ಪಲ್ಲ ಅಲ್ವಾ ಸರ್?” ಅಂದ. ತಪ್ಪಲ್ಲ. ವಾಲುವುದು ಬೇರೆ, ಬೆನ್ನು ಗೂನಾಗುವುದು ಬೇರೆ. ಎರಡು ವರ್ಷ ಅವನನ್ನು ತಿದ್ದಿದವರು ಈ ಎರಡನ್ನೂ ಒಂದೇ ಅಂತ ತಿಳಿದಿದ್ದರು. ವಾಲಬೇಡ ಅಂತ ಎದೆ ಎತ್ತಿಸಿದರು. ಎದೆ ಎತ್ತಿದಾಗ ಬಾರ್ ಹಿಂದೆ ಹೋಯಿತು, ಬೀಳದೆ ಇರಲು ಅವನು ತಳದಲ್ಲಿ ಸೊಂಟ ಒಳಕ್ಕೆ ಮಡಚಿದ. ಬೆನ್ನು ಗೂನಾಗಿದ್ದು ಅಲ್ಲಿ.

ಸ್ಕ್ವಾಟ್‌ನಲ್ಲಿ ಏನು ಬದಲಾಯಿಸಿದೆವು

ಮೂಳೆಯ ಉದ್ದ ಬದಲಾಯಿಸಲು ಆಗಲ್ಲ. ಮಂಡಿ ಎಷ್ಟು ಮುಂದೆ ಹೋಗುತ್ತದೆ, ಕಾಲು ಎಷ್ಟು ಅಗಲ ಇಡುತ್ತೇವೆ, ಭಾರ ಮೈಯಲ್ಲಿ ಎಲ್ಲಿದೆ, ಎಷ್ಟು ಆಳ ಇಳಿಯುತ್ತೇವೆ ಅನ್ನುವುದೆಲ್ಲ ನಮ್ಮ ಕೈಯಲ್ಲಿದೆ.

ಮೊದಲು ಹಿಮ್ಮಡಿ. ಹಿಮ್ಮಡಿ ಎತ್ತರ ಇರುವ ಲಿಫ್ಟಿಂಗ್ ಶೂ ತಗೊಳ್ಳೋಣ ಅಂದರೆ ಅವನ ಅಳತೆಯದು ಕಾರವಾರದಲ್ಲಿ ಸಿಗಲಿಲ್ಲ. ಪ್ಲೇಟಿನ ಮೇಲೆ ಹಿಮ್ಮಡಿ ಇಟ್ಟು ನೋಡಿದೆವು. ಭಾರ ಬಂದಾಗ ಪ್ಲೇಟು ಟೈಲ್ಸ್ ಮೇಲೆ ಜಾರಿತು, ಅದನ್ನು ಅಲ್ಲಿಗೇ ಬಿಟ್ಟೆವು. ಕೊನೆಗೆ ಆಚಾರಿಯವರ ಹತ್ತಿರ ಹಲಸಿನ ಮರದ ಓರೆ ಹಲಗೆ ಮಾಡಿಸಿದೆ. ಹಿಂದೆ 2.5 ಸೆಂ.ಮೀ. ಎತ್ತರ, ಮುಂದೆ ಇಳಿಜಾರು, ಅಡಿಗೆ ರಬ್ಬರ್ ಶೀಟ್. ಅದರ ಮೇಲೆ ನಿಂತರೆ ಮಂಡಿ ಇನ್ನೂ ಸುಮಾರು 7 ಡಿಗ್ರಿ ಮುಂದೆ ಹೋಗುತ್ತದೆ. ನೋಡಲು ಸಣ್ಣ ಬದಲಾವಣೆ. ಆದರೆ ಬೆನ್ನಿನ ವಾಲು 47ರಿಂದ 39 ಡಿಗ್ರಿಗೆ ಬಂತು.

ಆಮೇಲೆ ಕಾಲಿನ ಅಗಲ. ಪಾದ ಭುಜಕ್ಕಿಂತ ಸ್ವಲ್ಪ ಹೊರಗೆ ಇಟ್ಟು, ಬೆರಳು 30 ಡಿಗ್ರಿ ಹೊರಕ್ಕೆ ತಿರುಗಿಸಿದೆವು. ಮಂಡಿಯೂ ಬೆರಳಿನ ದಿಕ್ಕಿಗೇ ಹೋಗಬೇಕು. ಹೀಗೆ ಮಾಡಿದರೆ ತೊಡೆ ಓರೆಯಾಗಿ ತೆರೆದುಕೊಳ್ಳುತ್ತದೆ. ಪಕ್ಕದಿಂದ ನೋಡಿದರೆ ತೊಡೆ ಗಿಡ್ಡವಾದ ಹಾಗೆ. ಸೊಂಟ ಹಿಂದೆ ಹೋಗುವ ದೂರ 27 ಸೆಂ.ಮೀ.ಗೆ ಇಳಿಯಿತು. ವಾಲು 33 ಡಿಗ್ರಿ, ಅಂದರೆ 168 ಸೆಂ.ಮೀ. ಎತ್ತರದ ಗೆಳೆಯನಷ್ಟೇ. ಇದು ಹಾಳೆಯ ಲೆಕ್ಕ. ಫೋನಿನಲ್ಲಿ ಪಕ್ಕದಿಂದ ವಿಡಿಯೋ ತೆಗೆದು ನೋಡಿದಾಗ ಅಷ್ಟು ಕರಾರುವಾಕ್ಕಾಗಿ ಇರಲಿಲ್ಲ, ಆದರೆ ಹತ್ತಿರ ಇತ್ತು.

ಕಾಲು ಇನ್ನೂ ಅಗಲ ಮಾಡಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅವನೇ ಕೇಳಿದ. ಮಾಡಿ ನೋಡಿದೆವು. ತೊಡೆಯ ಸಂದಿಯಲ್ಲಿ ಮುಂದೆ ಚುಚ್ಚಿದ ಹಾಗಾಯಿತು. ಸೊಂಟದ ಕೀಲಿನ ಆಕಾರ ಒಬ್ಬೊಬ್ಬರಿಗೆ ಒಂದೊಂದು ತರ ಇರುತ್ತದೆ, ಎಲ್ಲರ ಕಾಲೂ ಒಂದೇ ಅಗಲಕ್ಕೆ ತೆರೆಯಲ್ಲ. ಚುಚ್ಚಿದರೆ ಅದು ಮಿತಿ ಅಂತ ತಿಳಿದು ಒಂದು ಗೇಣು ಒಳಗೆ ತಂದೆವು.

ಮೊದಲ ನಾಲ್ಕು ವಾರ ಬಾರನ್ನು ಬೆನ್ನ ಮೇಲೆ ಇಡಲೇ ಇಲ್ಲ. ಡಂಬಲ್ ಎದೆಗೆ ಅವುಚಿಕೊಂಡು ಓರೆ ಹಲಗೆಯ ಮೇಲೆ ನಿಂತು, ಹಿಂದೆ ಇಟ್ಟ ಪೆಟ್ಟಿಗೆಗೆ ಮೆಲ್ಲಗೆ ತಾಗಿಸಿ ಏಳುವುದು. ಇದಕ್ಕೆ ಗಾಬ್ಲೆಟ್ ಸ್ಕ್ವಾಟ್ ಅಂತಾರೆ. ಭಾರ ಎದೆಯ ಮುಂದೆ ಇದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಯಾರೂ ಎದೆ ಎತ್ತು ಅಂತ ಕೂಗಬೇಕಿಲ್ಲ. ಪೆಟ್ಟಿಗೆಯ ಎತ್ತರ ಮೊದಲು 50 ಸೆಂ.ಮೀ. ಇಟ್ಟೆವು. ಅಲ್ಲಿವರೆಗೆ ಬೆನ್ನು ಗೂನಾಗದೆ ಇಳಿಯುತ್ತಿದ್ದ. ವಾರ ಬಿಟ್ಟು ವಾರ ಒಂದೊಂದು ಮ್ಯಾಟ್ ತೆಗೆದು 45ಕ್ಕೆ ತಂದೆವು. ಡಂಬಲ್ 12 ಕಿಲೋದಿಂದ 24ಕ್ಕೆ ಹೋಯಿತು. ಐದನೇ ವಾರ ಬಾರ್ ಬೆನ್ನಿಗೆ ಬಂತು, 40 ಕಿಲೋದಿಂದ.

ಫ್ರಂಟ್ ಸ್ಕ್ವಾಟ್ ಯಾಕೆ ಮಾಡಿಸಲಿಲ್ಲ ಅಂತ ಕೆಲವರು ಕೇಳಬಹುದು. ಮಾಡಿಸಿದೆ. ಮುಂಗೈ ಉದ್ದ ಇರುವವರಿಗೆ ಬಾರನ್ನು ಭುಜದ ಮುಂಭಾಗದ ಮೇಲೆ ಹಿಡಿಯುವಾಗ ಮಣಿಕಟ್ಟು ತುಂಬಾ ಮಡಚಬೇಕಾಗುತ್ತದೆ, ಮೊಣಕೈ ಕೆಳಗೆ ಬೀಳುತ್ತದೆ. ಬಾರಿಗೆ ಪಟ್ಟಿ ಕಟ್ಟಿ ಹಿಡಿದರೆ ಸ್ವಲ್ಪ ಸರಿ ಹೋಗುತ್ತದೆ. ಮಾಣಿ ಎರಡು ವಾರ ಪ್ರಯತ್ನಪಟ್ಟ. ಕಾಲಿಗಿಂತ ಮೊದಲು ಕೈ ಸೋಲುತ್ತಿತ್ತು, ಬಿಟ್ಟೆವು. ಅವನಂಥ ಬೇರೆಯವರಿಗೆ ಅದು ಒಗ್ಗಬಹುದು.

ಲೆಗ್ ಪ್ರೆಸ್‌ನಲ್ಲಿ ನಾನು ಮಾಡಿದ ತಪ್ಪು

ಎರಡನೇ ವಾರ ಒಂದು ತಪ್ಪು ಮಾಡಿದೆ. ಬೆನ್ನಿಗೆ ಕೆಲಸ ಕಮ್ಮಿ ಇರಲಿ, ಕಾಲಿಗೆ ಜಾಸ್ತಿ ಇರಲಿ ಅಂತ ಲೆಗ್ ಪ್ರೆಸ್ ಕೊಟ್ಟೆ, ಸೀಟಿಗೆ ಒರಗಿ ಭಾರದ ಹಲಗೆಯನ್ನು ಕಾಲಿನಿಂದ ತಳ್ಳುವ ಮೆಷಿನ್. ಮೆಷಿನ್ ಅಲ್ವಾ, ಸುರಕ್ಷಿತ ಅಂತ ಅಂದುಕೊಂಡೆ. ಮೂರು ದಿನ ಬಿಟ್ಟು ಬಂದು “ಸರ್, ಬೆನ್ನು ಮತ್ತೆ 6” ಅಂದ.

ಪಕ್ಕದಲ್ಲಿ ಕೂತು ನೋಡಿದೆ. ನಮ್ಮ ಮೆಷಿನ್ನಿನ ಸೀಟು ಹಿಂದಕ್ಕೆ ಸರಿಯುವುದು ಸ್ವಲ್ಪವೇ. ಅವನ ಉದ್ದ ಕಾಲಿಗೆ ಜಾಗ ಸಾಲುತ್ತಿರಲಿಲ್ಲ. ಹಲಗೆ ಕೆಳಗೆ ಬಂದಾಗ ಮಂಡಿ ಎದೆಗೆ ಒತ್ತುತ್ತಿತ್ತು, ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲಿ ಸೊಂಟದ ಹಿಂಭಾಗ ಸೀಟಿನಿಂದ ಮೇಲೇಳುತ್ತಿತ್ತು. ಅಲ್ಲಿ ಬೆನ್ನು ಗೂನಾಗಿ, 120 ಕಿಲೋ ಅದರ ಮೇಲೆ ಬೀಳುತ್ತಿತ್ತು. ಸ್ಕ್ವಾಟ್‌ನಲ್ಲಿ ತಪ್ಪಿಸಿದ್ದನ್ನು ಇಲ್ಲಿ ದುಪ್ಪಟ್ಟು ಭಾರದಲ್ಲಿ ಮಾಡಿಸಿದ್ದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಸೊಂಟದ ಹಿಂಭಾಗ ಮತ್ತು ಸೀಟಿನ ನಡುವೆ ಒಂದು ಟವೆಲ್ ಇಟ್ಟು, ಅದರ ತುದಿ ಹಿಡಿದುಕೊಂಡಿರಬೇಕು. ಇಳಿಯುವಾಗ ಎಲ್ಲಿ ಟವೆಲ್ ಸಲೀಸಾಗಿ ಹೊರಗೆ ಬರುತ್ತದೋ ಅಲ್ಲಿ ಸೊಂಟ ಎದ್ದಿದೆ. ಅದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಬೇಕು. ಮಾಣಿಗೆ ಹಾಗೆ ನಿಲ್ಲಿಸಿದರೆ ಉಳಿಯುವ ದೂರ ಸಾಲುತ್ತಿರಲಿಲ್ಲ. ಲೆಗ್ ಪ್ರೆಸ್ ತೆಗೆದು ಹಾಕಿದೆ.

ಅದರ ಜಾಗಕ್ಕೆ ಬಂದದ್ದು ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್. ಒಂದು ಕಾಲು ಮುಂದೆ, ಇನ್ನೊಂದರ ಪಾದ ಹಿಂದೆ ಪೆಟ್ಟಿಗೆಯ ಮೇಲೆ, ಎರಡೂ ಕೈಯಲ್ಲಿ ಡಂಬಲ್. ಈ ಇಡೀ ಪ್ರಕರಣದಲ್ಲಿ ಮಾಣಿಯ ಕಾಲು ಬೆಳೆಸಿದ್ದು ಜಾಸ್ತಿ ಇದೇ ಅಂತ ನನ್ನ ಅನಿಸಿಕೆ. ಭಾರ ಹೆಗಲ ಮೇಲಿಲ್ಲ, ಸೊಂಟದ ಪಕ್ಕದಲ್ಲಿ ತೂಗುತ್ತದೆ. ಹಾಗಾಗಿ ತೊಡೆ ಎಷ್ಟೇ ಉದ್ದ ಇದ್ದರೂ ಬೆನ್ನು ದೂರಕ್ಕೆ ವಾಲಿ ಭಾರ ಹೊರಬೇಕಿಲ್ಲ. ಒಂದೇ ಕಾಲಿಗೆ ಕೆಲಸ ಬೀಳುವುದರಿಂದ ಕಡಿಮೆ ತೂಕ ಸಾಕು, ಬೆನ್ನಿಗೆ ವಿಶ್ರಾಂತಿ.

ಆದರೆ ಪೆಟ್ಟಿಗೆಯ ಎತ್ತರ ನೋಡಬೇಕು. ಎಲ್ಲರೂ ಬೆಂಚಿನ ಮೇಲೆ ಕಾಲಿಡುತ್ತಾರೆ. ಅದು 45 ಸೆಂ.ಮೀ. ಇರುತ್ತದೆ. ಅಲ್ಲಿ ಹಿಂದಿನ ತೊಡೆಯ ಮುಂಭಾಗ ಎಳೆದು, ಸೊಂಟ ಮುಂದೆ ಬಾಗಿ, ಬೆನ್ನು ಬಿಲ್ಲಿನಂತೆ ಹಿಂದೆ ಬಳುಕುತ್ತಿತ್ತು. 30 ಸೆಂ.ಮೀ. ಪೆಟ್ಟಿಗೆ ಇಟ್ಟಾಗ ಅದು ನಿಂತಿತು. ಮುಂದಿನ ಕಾಲು ಎಷ್ಟು ದೂರ? ಪೆಟ್ಟಿಗೆಯ ಅಂಚಿನಲ್ಲಿ ಕೂತು ಒಂದು ಕಾಲು ನೇರ ಚಾಚಿಸಿದೆ. ಹಿಮ್ಮಡಿ ಮುಟ್ಟಿದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪಾದ ಅಲ್ಲಿಟ್ಟರೆ ಸರಿ. ಗೆಳೆಯನ ಗೆರೆಗಿಂತ ಮಾಣಿಯ ಗೆರೆ ಒಂದು ಗೇಣು ಮುಂದಿತ್ತು. ಮೊದಲ ಎರಡು ವಾರ ಒಂದು ಕೈಯಲ್ಲಿ ಕಂಬ ಹಿಡಿದೇ ಮಾಡಿದ. ಉದ್ದ ಕಾಲಿನವರಿಗೆ ಇಲ್ಲಿ ತೂಗಾಡುವುದು ಸಹಜ, ಅದಕ್ಕೆ ಭಾರ ಹಾಕುವ ಗಡಿಬಿಡಿ ಬೇಡ.

ಡೆಡ್‌ಲಿಫ್ಟ್: ಬಾರ್ ನೆಲದಿಂದ 15 ಸೆಂ.ಮೀ. ಮೇಲೆ

ಡೆಡ್‌ಲಿಫ್ಟ್ ನನಗೆ ಮೊದಲು ಒಗಟಾಗಿತ್ತು. ಮಾಣಿಯ ಕೈ ಉದ್ದ. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ತುದಿಗೆ 199 ಸೆಂ.ಮೀ. ಕೈ ಉದ್ದ ಇದ್ದವರಿಗೆ ಡೆಡ್‌ಲಿಫ್ಟ್ ಸುಲಭ ಅಂತಾರೆ, ಅದು ನಿಜವೂ ಹೌದು. ಹಾಗಾದರೆ 80 ಕಿಲೋ ಎತ್ತಲು ಈ ಪರದಾಟ ಯಾಕೆ?

ಅವನ ಹಳೆಯ ವಿಡಿಯೋ ನೋಡಿದೆ. 20 ಕಿಲೋ ಬಾರ್, ಎರಡೂ ಕಡೆ 10 ಕಿಲೋದ ಮೂರ್ಮೂರು ಪ್ಲೇಟ್. ಆ ಪ್ಲೇಟುಗಳನ್ನು ನೋಡಿದಾಗ ಹೊಳೆಯಿತು. ಅಂಥವೇ ಪ್ಲೇಟು ನನ್ನ ಜಿಮ್ಮಿನಲ್ಲೂ ಇವೆ. ಟೇಪ್ ತಂದು ಅಳೆದೆ. ವ್ಯಾಸ 30 ಸೆಂ.ಮೀ. ಅಂದರೆ ಬಾರ್ ನೆಲದಿಂದ 15 ಸೆಂ.ಮೀ. ಮೇಲೆ ಇರುತ್ತದೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಬಳಸುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಬಾರ್ 22.5 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ಎಲ್ಲರಿಗಿಂತ ಎತ್ತರದ ಹುಡುಗ ಎರಡು ವರ್ಷ ಸ್ಪರ್ಧೆಯ ಎತ್ತರಕ್ಕಿಂತ ಏಳೂವರೆ ಸೆಂಟಿಮೀಟರ್ ಆಳದಿಂದ ಎತ್ತುತ್ತಿದ್ದ. ನಾನು ಇಷ್ಟು ವರ್ಷ ಅದೇ ಪ್ಲೇಟಿನಲ್ಲಿ ಎಷ್ಟೋ ಜನರಿಗೆ ಡೆಡ್‌ಲಿಫ್ಟ್ ಕಲಿಸಿದ್ದೇನೆ, ಒಮ್ಮೆಯೂ ಅಳೆದಿರಲಿಲ್ಲ. ಗಿಡ್ಡ ಇರುವವರು ಹೇಗೋ ಸುಧಾರಿಸಿಕೊಂಡರು, ಹಾಗಾಗಿ ಗೊತ್ತೇ ಆಗಿರಲಿಲ್ಲ. ಸಣ್ಣ ಊರಿನ ಜಿಮ್ಮುಗಳಲ್ಲಿ ಇಂಥ ಪ್ಲೇಟೇ ಜಾಸ್ತಿ. ಓದುವವರು ದಯವಿಟ್ಟು ಒಮ್ಮೆ ಅಳೆದು ನೋಡಿ.

ಇನ್ನೊಂದು ತೊಂದರೆ, ಸೊಂಟ ಕೆಳಗಿಳಿಸು ಅನ್ನುವ ಮಾತು. ತೊಡೆ ಉದ್ದ ಇರುವವನು ಸೊಂಟ ಇಳಿಸಿದರೆ ಮಂಡಿ ಮುಂದೆ ಬಂದು ಬಾರನ್ನು ತಳ್ಳುತ್ತದೆ. ಪಾದದ ನಡುವಿನ ನೇರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅವನು ಎತ್ತುವುದನ್ನು ನೆಲಕ್ಕೆ ಕೂತು ನೋಡಿದೆ. ಬಾರ್ ಏಳುವ ಮೊದಲೇ ಗೆರೆ ಬಿಟ್ಟು ನಾಲ್ಕು ಬೆರಳು ಮುಂದೆ ಉರುಳಿತು. ಆಮೇಲೆ ಸೊಂಟ ಮೊದಲು ಎದ್ದಿತು, ಬಾರ್ ಹಿಂದಿನಿಂದ ಬಂತು, ಬೆನ್ನು ಒಂಟಿಯಾಗಿ ಎಳೆಯಿತು. ಅವನ ಸೊಂಟ ಮೇಲೆಯೇ ಇರಬೇಕು. ಕೆಳಗಾಲು ಬಾರಿಗೆ ತಾಗುವಷ್ಟೇ ಮುಂದೆ ಬರಬೇಕು, ಮುಂದೆ ತಳ್ಳಬಾರದು. ಪಕ್ಕದಿಂದ ನೋಡುವವರಿಗೆ ಇದು ಬಾಗಿದ ಹಾಗೆ ಕಾಣುತ್ತದೆ, ಕಾಣಲಿ.

ಬಾರ್ ಎಷ್ಟು ಎತ್ತರದಲ್ಲಿಡಬೇಕು ಅಂತ ತಿಳಿಯಲು ಒಂದು ಉದ್ದ ಕೋಲು ತಗೊಂಡೆವು. ಅದು ಬೆನ್ನ ಹಿಂದೆ ನೆಟ್ಟಗೆ ನಿಂತು ತಲೆ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಈ ಮೂರು ಕಡೆ ತಾಗಿರಬೇಕು. ಒಬ್ಬರು ಕೋಲು ಹಿಡಿದುಕೊಳ್ಳಬೇಕು. ಅವನು ಎತ್ತುವ ಹಾಗೆಯೇ ಬಾಗುತ್ತಾ ಮುಷ್ಟಿ ಕೆಳಗೆ ಇಳಿಸುತ್ತಾನೆ. ಎಲ್ಲಿ ಬಾಲಮೂಳೆಯಿಂದ ಕೋಲು ಬಿಟ್ಟುಕೊಳ್ಳುತ್ತದೋ ಅಲ್ಲಿ ಬೆನ್ನು ಗೂನಾಗಲು ಶುರು. ಮುಷ್ಟಿಯಿಂದ ನೆಲಕ್ಕೆ ಅಳೆದರೆ 30 ಸೆಂ.ಮೀ. ಬಂತು. ಅದಕ್ಕೆ ಎರಡೂವರೆ ಸೇರಿಸಿ 32.5ಕ್ಕೆ ಬಾರ್ ಇಡುವುದು ಅಂತ ನಿರ್ಧರಿಸಿದೆ.

ಪ್ಲೇಟಿನ ಅಡಿಗೆ ಏನಿಡುವುದು? ನಮ್ಮ ಕಡೆ ಎಲ್ಲೆಲ್ಲೂ ಇರುವ ಚಿರೆಕಲ್ಲು ಇಟ್ಟೆ. ಎರಡನೇ ವಾರಕ್ಕೆ ಒಂದು ಕಡೆಯ ಅಂಚು ಉದುರಿ ಕೆಂಪು ಪುಡಿಯಾಯಿತು. ಬಾರ್ ಒಂದು ಕಡೆ ವಾಲಿತು. ಒಂದು ಬದಿ ತಗ್ಗಿದ್ದರೆ ಎತ್ತುವಾಗ ಮೈ ತಿರುಚುತ್ತದೆ, ಇಷ್ಟು ಎತ್ತರದವನಿಗೆ ಅದು ಬೇಡವೇ ಬೇಡ. ಮತ್ತೆ ಆಚಾರಿಯವರೇ ಗತಿ. 5 ಸೆಂ.ಮೀ. ಮತ್ತು 2.5 ಸೆಂ.ಮೀ. ದಪ್ಪದ ಅಗಲ ಹಲಗೆಗಳು, ಉರುಳಿ ಹೋಗದ ಹಾಗೆ ಎರಡೂ ತುದಿಗೆ ಒಂದು ಸಣ್ಣ ಪಟ್ಟಿ, ಮೇಲೆ ರಬ್ಬರ್. ಒಂದೊಂದು ಬದಿಗೆ ದಪ್ಪದ್ದು ಮೂರು, ತೆಳುವಾದದ್ದು ಒಂದು.

60 ಕಿಲೋದಿಂದ ಶುರು ಮಾಡಿದೆವು. ನಾಲ್ಕು ಸೆಟ್, ಒಂದೊಂದರಲ್ಲಿ ನಾಲ್ಕು ಸಲ. ನಾಲ್ಕು ವಾರಕ್ಕೊಮ್ಮೆ ಕೋಲು ಹಿಡಿದು ಮತ್ತೆ ಪರೀಕ್ಷೆ. ಮುಷ್ಟಿ ಕೆಳಗೆ ಹೋದಷ್ಟೇ ಬಾರ್ ಕೆಳಗೆ. ಐದನೇ ವಾರ 30, ಒಂಬತ್ತನೇ ವಾರ 27.5, ಹದಿಮೂರನೇ ವಾರ 25. ಬಾರ್ ಇಳಿಸಿದ ವಾರ ಕಿಲೋ ಹತ್ತು ಕಮ್ಮಿ ಮಾಡುತ್ತಿದ್ದೆ. ಆಳ ಮತ್ತು ಭಾರ ಎರಡನ್ನೂ ಒಟ್ಟಿಗೆ ಹೆಚ್ಚಿಸಿದರೆ ಯಾವುದರಿಂದ ಬೆನ್ನು ಹಿಡಿಯಿತು ಅಂತ ಗೊತ್ತಾಗಲ್ಲ.

ಸುಮೋ ಡೆಡ್‌ಲಿಫ್ಟೂ ನೋಡಿದೆವು, ಕಾಲು ಅಗಲ ಇಟ್ಟು ಕೈ ಒಳಗಿಂದ ಹಿಡಿಯುವುದು. ಕಾಲು ಉದ್ದ ಇರುವ ಕೆಲವರಿಗೆ ಇದು ಚೆನ್ನಾಗಿ ಕೂರುತ್ತದೆ. ಮಾಣಿಗೆ ಮತ್ತೆ ಅದೇ ತೊಡೆಸಂದಿಯ ಚುಚ್ಚು.

ವಾರದ ಹಂಚಿಕೆ

ಎರಡು ಭಾರದ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಮಂಗಳವಾರ ಓರೆ ಹಲಗೆಯ ಸ್ಕ್ವಾಟ್, ಆಮೇಲೆ ಹಗುರ ರೊಮೇನಿಯನ್ ಡೆಡ್‌ಲಿಫ್ಟ್. ಅದರಲ್ಲಿ ಬಾರ್ ಮೇಲಿನಿಂದ ಇಳಿಯುತ್ತದೆ, ಸೊಂಟ ಹಿಂದೆ ಹೋಗುವುದು ನಿಂತಲ್ಲಿ ಅವನೂ ನಿಲ್ಲಬೇಕು. ಅವನಿಗೆ ಅದು ಮಂಡಿಯಿಂದ ಸ್ವಲ್ಪವೇ ಕೆಳಗೆ. ಶುಕ್ರವಾರ ಹಲಗೆಯ ಮೇಲಿಂದ ಡೆಡ್‌ಲಿಫ್ಟ್, ಆಮೇಲೆ ಸ್ಪ್ಲಿಟ್ ಸ್ಕ್ವಾಟ್. ಬೆನ್ನು ಜಾಸ್ತಿ ದುಡಿಯುವ ಎರಡು ಕೆಲಸ ಒಂದೇ ದಿನ ಭಾರವಾಗಿ ಬರಬಾರದು ಅನ್ನುವುದಷ್ಟೇ ಈ ಹಂಚಿಕೆಯ ಉದ್ದೇಶ.

ಸಲ ಕಮ್ಮಿ ಇಟ್ಟದ್ದಕ್ಕೂ ಕಾರಣ ಇದೆ. ಒಂದು ಸ್ಕ್ವಾಟ್‌ಗೆ ಬಾರ್ 71 ಸೆಂ.ಮೀ. ಇಳಿದು ಏರುವವನು ಐದು ಸಲ ಮಾಡುವಷ್ಟರಲ್ಲಿ, ಗೆಳೆಯ ಆರು ಸಲ ಮಾಡಿದಷ್ಟು ದೂರ ಭಾರ ಸಾಗಿಸಿರುತ್ತಾನೆ. ಎಲ್ಲರಿಗೂ ಐದು ಸೆಟ್, ಹತ್ತತ್ತು ಸಲ ಅಂತ ಬೋರ್ಡಿನಲ್ಲಿ ಬರೆದದ್ದನ್ನು ಅವನಿಗೂ ಕೊಟ್ಟರೆ ಏಳನೇ ಸಲಕ್ಕೆ ಬೆನ್ನು ಸೋಲುತ್ತದೆ, ಕೊನೆಯ ಮೂರು ಸಲ ಬರೀ ಕೆಟ್ಟ ಅಭ್ಯಾಸ. ಸೆಟ್‌ಗಳ ನಡುವೆ ಮೂರು ನಿಮಿಷ ಕೂರಿಸುತ್ತಿದ್ದೆ. ಮೊದಮೊದಲು ಅವನಿಗೆ ಅದು ಸೋಮಾರಿತನ ಅನ್ನಿಸುತ್ತಿತ್ತು.

ಕಾಲಗಿಣ್ಣಿಗೆ ದಿನಾ ಗೋಡೆಯ ಹತ್ತಿರ ಸ್ಟ್ರೆಚ್ ಮಾಡಿದ. 16 ವಾರಕ್ಕೆ 7 ಸೆಂ.ಮೀ. ಇದ್ದದ್ದು 9 ಆಯಿತು. ಒಳ್ಳೆಯದೇ, ಆದರೆ ಅದಕ್ಕಾಗಿ ಕಾದಿದ್ದರೆ ನಾಲ್ಕು ತಿಂಗಳು ಹೋಗುತ್ತಿತ್ತು. ಓರೆ ಹಲಗೆ ಅದೇ ದಿನ ಕೆಲಸ ಮಾಡಿತು.

ಹದಿನಾರನೇ ವಾರ

ಬೆಳಗಿನ ಬೆನ್ನಿನ ಅಂಕ ನಾಲ್ಕನೇ ವಾರ 2ಕ್ಕೆ ಇಳಿದಿತ್ತು, ಎಂಟರ ನಂತರ ಬಹುತೇಕ ಸೊನ್ನೆ ಅಥವಾ 1. ಹತ್ತನೇ ವಾರ ಒಮ್ಮೆ 4 ಆಯಿತು. ಊರಿಗೆ ಹೋಗಿ ಎರಡು ದಿನ ತೋಟದಲ್ಲಿ ಬಗ್ಗಿ ಗೊಬ್ಬರ ಹಾಕಿ ಬಂದಿದ್ದ. ಆ ವಾರ ಡೆಡ್‌ಲಿಫ್ಟ್ ಬಿಟ್ಟು ಸ್ಪ್ಲಿಟ್ ಸ್ಕ್ವಾಟ್ ಮಾತ್ರ ಮಾಡಿಸಿದೆ.

ಓರೆ ಹಲಗೆಯ ಮೇಲೆ ಸ್ಕ್ವಾಟ್ 40ರಿಂದ 70 ಕಿಲೋ, ಐದು ಸಲ. ಆಳ ಪೆಟ್ಟಿಗೆಯ 45 ಸೆಂ.ಮೀ.ಗೆ, ಹೆಚ್ಚುಕಮ್ಮಿ ತೊಡೆ ನೆಲಕ್ಕೆ ಸಮ. ಡೆಡ್‌ಲಿಫ್ಟ್ 25 ಸೆಂ.ಮೀ. ಎತ್ತರದಿಂದ 105 ಕಿಲೋ, ನಾಲ್ಕು ಸಲ. ಸ್ಪ್ಲಿಟ್ ಸ್ಕ್ವಾಟ್ ಒಂದೊಂದು ಕೈಯಲ್ಲಿ 22.5 ಕಿಲೋ. ಮೈತೂಕ 82. ಹಳೆಯ 80 ಕಿಲೋಗೂ ಈ 105ಕ್ಕೂ ಹೋಲಿಕೆ ಮಾಡಬಾರದು, ಎತ್ತುವ ಎತ್ತರವೇ ಬೇರೆ. ಎರಡು ವರ್ಷದಲ್ಲಿ ಮೊದಲ ಸಲ ಎರಡೂ ಕಡೆ ತೂಕ ವಾರವಾರ ಏರಿತು, ಬೆನ್ನು ಸುಮ್ನೆ ಇತ್ತು. ನಾನು ನೋಡುತ್ತಿದ್ದದ್ದು ಅದನ್ನೇ.

ಹದಿನಾರನೇ ವಾರ ಅವನೇ ಕೇಳಿದ, “ಇನ್ನೂ ಒಂದು ಹಂತ ಇಳಿಸ್ಲಾ ಸರ್?” ಅಂದರೆ 22.5, ಸ್ಪರ್ಧೆಯ ಎತ್ತರ. ಕೋಲು ಹಿಡಿದು ಮೂರು ಸಲ ನೋಡಿದೆವು. ಮೂರೂ ಸಲ 24ರ ಹತ್ತಿರ ಬಾಲಮೂಳೆಯಿಂದ ಕೋಲು ಬಿಟ್ಟಿತು. ಅವನು ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವವನಾಗಿದ್ದರೆ ಕತೆ ಬೇರೆ. ಅಲ್ಲಿ ಬಾರ್ ನೆಲದಿಂದಲೇ ಏಳಬೇಕು, ಸ್ಕ್ವಾಟ್‌ನಲ್ಲಿ ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಹೋಗಬೇಕು. ಆಗ ಇನ್ನಷ್ಟು ತಿಂಗಳು ಅದಕ್ಕಾಗಿಯೇ ದುಡಿಯಬೇಕಾಗುತ್ತಿತ್ತು. ಅವನಿಗೆ ಬೇಕಾದದ್ದು ವಾಲಿಬಾಲಿಗೆ ಗಟ್ಟಿ ಕಾಲು. 25ರಲ್ಲೇ ಇರಲಿ ಅಂದೆ. ಒಂದು ಕ್ಷಣ ಮುಖ ಸಣ್ಣ ಮಾಡಿಕೊಂಡ, ಆಮೇಲೆ ಪ್ಲೇಟು ಹಾಕತೊಡಗಿದ.

ಅವತ್ತು ಗೆಳೆಯನೂ ಇದ್ದ. ಮಾಣಿಯದು ಮುಗಿದ ಮೇಲೆ ಅದೇ ಬಾರಿನಲ್ಲಿ, ಅದೇ ಹಲಗೆಯ ಮೇಲಿಂದ ತಾನೂ ಎತ್ತಿದ. ಸಲೀಸಾಗಿ ಬಂತು. ಇನ್ನೊಮ್ಮೆ ಎತ್ತಿ, ಇಳಿಸಿ, ಬಾರ್ ತನ್ನ ಕಾಲಿಗೆ ಎಲ್ಲಿ ಬರುತ್ತದೆ ಅಂತ ಬಗ್ಗಿ ನೋಡಿದ. ನಮ್ಮ ಹಳೆಯ ಎತ್ತರಕ್ಕಿಂತ ಬಹಳ ಮೇಲಿತ್ತು. “ಇದು ನಂಗೆ ಅರ್ಧ ಕೆಲಸ ಅಣ್ಣ,” ಅಂದ. ಕೋಲು ಹಿಡಿದು ಅವನನ್ನೂ ನೋಡಿದೆವು. ಮುಷ್ಟಿ 17 ಸೆಂ.ಮೀ.ವರೆಗೆ ಇಳಿದರೂ ಕೋಲು ಬಾಲಮೂಳೆ ಬಿಡಲಿಲ್ಲ. ಎರಡೂ ಬದಿಯಿಂದ ದಪ್ಪ ಹಲಗೆ ಒಂದೊಂದು ತೆಗೆದು, ಅವನಿಗೆ 20ಕ್ಕೆ ಇಟ್ಟೆವು.